ಸಕ್ಕರೆ ಇಳಿದರೂ ತೀರದ ಅಪಾಯ: ಕೀಟೋಅಸಿಡೋಸಿಸ್‌ನ ಹಿನ್ನೆಲೆ

1922ರ ಜನವರಿ 11ರಂದು ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೇದೋಜೀರಕ ಗ್ರಂಥಿಯಿಂದ ತೆಗೆದ, ಇನ್ಸುಲಿನ್ ಇದ್ದ ಸಾರವನ್ನು ಚುಚ್ಚಲಾಯಿತು. ಆಗ ಅವನ ತೂಕ ಸುಮಾರು 29 ಕಿಲೋ ಮಾತ್ರ. ಆ ಚುಚ್ಚುಮದ್ದಿನಿಂದ ರಕ್ತದ ಸಕ್ಕರೆ 440ರಿಂದ 320ಕ್ಕೆ ಇಳಿಯಿತಾದರೂ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ಮೂತ್ರದಲ್ಲಿ ಹಾಗೆಯೇ ಉಳಿಯಿತು, ಹುಡುಗ ಚೇತರಿಸಿಕೊಳ್ಳಲಿಲ್ಲ. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ 520ರಿಂದ 120ಕ್ಕೆ ಬಂದಿತು, ಕೀಟೋನ್ ಮಾಯವಾಯಿತು. ಇನ್ಸುಲಿನ್ ಎಂದೊಡನೆ ನಮಗೆ ಸಕ್ಕರೆಯ ಅಂಕಿಯೇ ನೆನಪಾಗುತ್ತದೆ. ಆದರೆ ಆ ಹುಡುಗನ ಪ್ರಾಣಕ್ಕೆ ಹೆಚ್ಚು ಹತ್ತಿರವಾಗಿದ್ದದ್ದು ಕೀಟೋನ್.

ಅದಕ್ಕೆ ಅರ್ಧ ಶತಮಾನ ಮೊದಲೇ, 1874ರಲ್ಲಿ, ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪುವವರ ಉಸಿರಾಟವನ್ನು ವರ್ಣಿಸಿದ್ದರು. ಎದೆ ಪೂರ್ತಿ ಹಿಗ್ಗಿ ಕುಗ್ಗುವ, ಆಳವಾದ, ಎಡೆಬಿಡದ ಉಸಿರು ಅದು. ಶ್ವಾಸನಾಳದಲ್ಲಿ ಅಡ್ಡಿಯೇನೂ ಇರುವುದಿಲ್ಲ. ರಕ್ತದಲ್ಲಿ ಆಮ್ಲ ಹೆಚ್ಚಾದಾಗ ದೇಹ ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ಆ ಆಮ್ಲವನ್ನು ತಗ್ಗಿಸಲು ಹೆಣಗುತ್ತಿರುತ್ತದೆ. ಆ ಆಮ್ಲ ಕೀಟೋನ್‌ಗಳಲ್ಲೊಂದಾದ ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವೆಂಬುದು 1880ರ ದಶಕದಲ್ಲಿ ಗೊತ್ತಾಯಿತು. ಆದರೆ ಅದು ಹುಟ್ಟದಂತೆ ತಡೆಯುವ ಮದ್ದು ಇನ್ನೂ ಇರಲಿಲ್ಲ.

ಅದು ಹುಟ್ಟುವ ಬಗೆ ಹೀಗೆ. ಇನ್ಸುಲಿನ್ ಜೀವಕೋಶಗಳಿಗೆ ಸಕ್ಕರೆ ಒದಗಿಸುವುದರ ಜೊತೆಗೆ ಕೊಬ್ಬಿನ ಉಗ್ರಾಣಕ್ಕೆ ಬೀಗ ಹಾಕಿಟ್ಟಿರುತ್ತದೆ. ಈ ಎರಡನೆಯ ಕೆಲಸಕ್ಕೆ ಬೇಕಾಗುವ ಇನ್ಸುಲಿನ್ ಬಹಳ ಕಡಿಮೆ. ಹಾಗಾಗಿ ಸ್ವಲ್ಪವಾದರೂ ಇನ್ಸುಲಿನ್ ಉಳಿದಿರುವ ಎರಡನೇ ವಿಧದ ಮಧುಮೇಹಿಗಳಲ್ಲಿ ಸಕ್ಕರೆ ವಿಪರೀತ ಏರಿದರೂ, ಕೀಟೋನ್‌ಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಈ ಸ್ಥಿತಿ, ಅಂದರೆ ಕೀಟೋಅಸಿಡೋಸಿಸ್, ಅಷ್ಟು ಸುಲಭವಾಗಿ ಬರುವುದಿಲ್ಲ. ಮೊದಲ ವಿಧದ ಮಧುಮೇಹದಲ್ಲಿ ಅದು ಪೂರ್ತಿ ಇಲ್ಲವಾದಾಗ ಬೀಗ ಕಳಚುತ್ತದೆ. ಕರಗಿದ ಕೊಬ್ಬು ಯಕೃತ್ತಿಗೆ ಹರಿದುಬರುತ್ತದೆ, ಯಕೃತ್ತು ಅದನ್ನು ಕೀಟೋನ್ ಆಮ್ಲಗಳಾಗಿ ಮಾರ್ಪಡಿಸುತ್ತದೆ. ಇತ್ತ ರಕ್ತದಲ್ಲಿ ಮಿಕ್ಕ ಸಕ್ಕರೆ ಮೂತ್ರಕ್ಕೆ ಇಳಿಯುವಾಗ ನೀರು, ಸೋಡಿಯಂ, ಪೊಟ್ಯಾಸಿಯಂಗಳನ್ನೂ ಎಳೆದುಕೊಂಡು ಹೋಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 14 ವರ್ಷದ, 40 ಕಿಲೋ ತೂಕದ ಹುಡುಗಿ. ಎರಡು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ. ಜ್ವರ ಬಂದು ಊಟ ಸೇರುವುದಿಲ್ಲ. "ಏನೂ ತಿಂದೇ ಇಲ್ಲವಲ್ಲ, ಇನ್ಸುಲಿನ್ ಕೊಟ್ಟರೆ ಸಕ್ಕರೆ ಇಳಿದುಬಿಡುತ್ತೆ" ಎಂದು ಮನೆಯವರು ಅದನ್ನು ನಿಲ್ಲಿಸುತ್ತಾರೆ. ಮಗುವಿನ ಮೇಲಿನ ಕಾಳಜಿಯಿಂದಲೇ ಹುಟ್ಟುವ ಈ ತಪ್ಪು ನಮ್ಮಲ್ಲಿ ಮತ್ತೆ ಮತ್ತೆ ನಡೆಯುತ್ತದೆಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ. ಉಪವಾಸವಿದ್ದರೂ ಯಕೃತ್ತು ಸಕ್ಕರೆ ತಯಾರಿಸುತ್ತಲೇ ಇರುತ್ತದೆ, ಮೇಲಾಗಿ ಜ್ವರದ ಹೊತ್ತಿನಲ್ಲಿ ಏರುವ ಹಾರ್ಮೋನುಗಳು ಇನ್ಸುಲಿನ್‌ಗೆ ಎದುರಾಗಿ ಕೆಲಸ ಮಾಡುತ್ತವೆ. ಇನ್ಸುಲಿನ್ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಬದಲಿಸಬೇಕಾಗಬಹುದು, ಆದರೆ ಪೂರ್ತಿ ಬಿಡುವಂತಿಲ್ಲ.

ಮರುದಿನ ಅವಳಿಗೆ ವಾಂತಿ, ಹೊಟ್ಟೆನೋವು. ಗ್ಯಾಸ್ಟ್ರಿಕ್ ಇರಬೇಕೆಂದೋ, ಅಪೆಂಡಿಕ್ಸ್ ಇರಬೇಕೆಂದೋ ಎಣಿಸುವುದು ಇಲ್ಲಿಯೇ. ಒಂದು ಸುಳಿವನ್ನು ಮನೆಯಲ್ಲೇ ಗುರುತಿಸಬಹುದು: ಬರಿಯ ವಾಂತಿಭೇದಿಯಿಂದ ಬಸವಳಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ, ಇಲ್ಲಿ ತುಟಿ, ನಾಲಿಗೆ ಒಣಗಿದ್ದರೂ ಮಗು ಗಳಿಗೆಗೊಮ್ಮೆ ಮೂತ್ರಕ್ಕೆ ಏಳುತ್ತಿರುತ್ತದೆ. ಕೆಮ್ಮಿಲ್ಲದೆ ಆಳವಾದ ಉಸಿರು, ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದಂಥ ಅಥವಾ ಕಳಿತ ಹಣ್ಣಿನಂಥ ವಾಸನೆ, ಕರೆದರೆ ತಡವಾಗಿ ಕಣ್ಣು ಬಿಡುವ ಮಂಪರು ಸೇರಿದರೆ ಬೆಳಗಾಗಲೆಂದು ಕಾಯಬಾರದು. ಸಕ್ಕರೆ ಕಾಯಿಲೆ ಇದೆಯೆಂದೇ ಗೊತ್ತಿರದ ಮಕ್ಕಳಲ್ಲಿ ವಾರಗಳ ಮೊದಲೇ ಬಾಯಾರಿಕೆ, ತೂಕ ಇಳಿತ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು ಕಾಣಿಸಿಕೊಂಡಿರುತ್ತದೆ.

ಆಸ್ಪತ್ರೆಯಲ್ಲಿ ಅವಳ ಸಕ್ಕರೆ 480, ರಕ್ತದ ಪಿಎಚ್ 7.08, ಕೀಟೋನ್ 5.8. ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚೆಂದು ಅರ್ಥ; ಅದು ಸಾಮಾನ್ಯವಾಗಿ 7.35ಕ್ಕಿಂತ ಕೆಳಗಿಳಿಯಬಾರದು, ಕೀಟೋನ್ 3 ಮುಟ್ಟಿದರೇ ಅಪಾಯ. ಮೊದಲು ಏರಿಸುವುದು ಇನ್ಸುಲಿನ್ ಅಲ್ಲ, ಉಪ್ಪುನೀರು, ಅಂದರೆ ನಾರ್ಮಲ್ ಸಲೈನ್. ಇವಳಿಗೆ ಮೊದಲ ಒಂದು ಗಂಟೆಯೊಳಗೆ 400ರಿಂದ 800 ಮಿಲಿಲೀಟರ್. ಉಳಿದ ಕೊರತೆಯನ್ನು 24ರಿಂದ 48 ಗಂಟೆಗಳಲ್ಲಿ ಲೆಕ್ಕವಿಟ್ಟು ತುಂಬುತ್ತಾರೆ. ಸಲೈನ್ ಶುರುವಾಗಿ ಒಂದು ಗಂಟೆಯಾದ ಬಳಿಕ ಇನ್ಸುಲಿನ್ ಅನ್ನು ಪಂಪಿನ ಮೂಲಕ ರಕ್ತನಾಳಕ್ಕೆ ಹನಿಸುತ್ತಾರೆ: ಕಿಲೋಗೆ 0.1 ಯೂನಿಟ್‌ನಂತೆ ಗಂಟೆಗೆ ನಾಲ್ಕು ಯೂನಿಟ್.

ಈ ಪುಟ್ಟ ಪ್ರಮಾಣಕ್ಕೂ ಒಂದು ಚರಿತ್ರೆಯಿದೆ. 1970ರ ದಶಕದ ಆರಂಭದವರೆಗೂ ಇಂಥ ರೋಗಿಗಳಿಗೆ ನೂರಾರು ಯೂನಿಟ್ ಕೊಡುವುದು ರೂಢಿಯಾಗಿತ್ತು. 1973ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಆಲ್ಬರ್ಟಿ ಮತ್ತು ಸಂಗಡಿಗರು, ಆಮೇಲೆ ಅಮೆರಿಕದ ಮೆಂಫಿಸ್‌ನಲ್ಲಿ ಅಬ್ಬಾಸ್ ಕಿತಾಬ್ಚಿ ಮತ್ತು ತಂಡದವರು, ಸಣ್ಣ ಪ್ರಮಾಣವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. ದೊಡ್ಡ ಪ್ರಮಾಣದಲ್ಲಿ ಸಕ್ಕರೆ ಅತಿಯಾಗಿ ಕುಸಿಯುವ ಭಯವಿತ್ತು, ಪೊಟ್ಯಾಸಿಯಂ ಕುಸಿಯುವ ಭಯವೂ ಇತ್ತು.

ಪೊಟ್ಯಾಸಿಯಂ ಮೋಸದ ಅಂಕಿ. ಅವಳ ರಕ್ತದಲ್ಲಿ ಅದು 5.2 ಇದ್ದು ಧಾರಾಳವಾಗಿರುವಂತೆಯೇ ಕಾಣುತ್ತದೆ; ನಿಜಕ್ಕೂ ಅದು ಜೀವಕೋಶಗಳಿಂದ ಹೊರಬಂದು ಮೂತ್ರದಲ್ಲಿ ಸೋರಿಹೋಗುತ್ತಿರುತ್ತದೆ. ಇನ್ಸುಲಿನ್ ಬೀಳುತ್ತಲೇ ಅದು ಮತ್ತೆ ಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ತೀರಾ ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಮೂತ್ರ ಹೋಗುತ್ತಿರುವುದನ್ನು ಖಚಿತಪಡಿಸಿಕೊಂಡು ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸುತ್ತಾರೆ, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಬಂದಾಗಲೇ ಅದು ತೀರಾ ಕಡಿಮೆಯಿದ್ದರೆ, ಮೊದಲು ಅದನ್ನು ತುಂಬಿ ಇನ್ಸುಲಿನ್ ಅನ್ನು ತಡೆಹಿಡಿಯುವುದೂ ಉಂಟು.

ಆರೇಳು ಗಂಟೆಗಳಲ್ಲಿ ಸಕ್ಕರೆ 250ರ ಸುತ್ತಮುತ್ತ ಇಳಿಯುತ್ತದೆ. ಆಗ ನರ್ಸ್ ಬಂದು ಡೆಕ್ಸ್‌ಟ್ರೋಸ್ ಬಾಟಲಿ ನೇತುಹಾಕುತ್ತಾರೆ. ಬಾಟಲಿಯ ಮೇಲಿನ ಹೆಸರು ಓದಿದ ತಾಯಿ, "ಡಾಕ್ಟ್ರೇ, ಸಕ್ಕರೆ ಕಾಯಿಲೆ ಇರೋ ಮಗೂಗೆ ಗ್ಲುಕೋಸ್ ಹಾಕ್ತಿದ್ದೀರಲ್ಲ?" ಎಂದು ಗಾಬರಿಯಾಗುವುದು ಸಹಜ. ಉತ್ತರ ಟೊರಾಂಟೊದ ಆ ಎರಡು ಚುಚ್ಚುಮದ್ದುಗಳಲ್ಲಿಯೇ ಇದೆ. ಸಕ್ಕರೆ ಬೇಗ ಇಳಿಯುತ್ತದೆ, ಆಮ್ಲ ತಡವಾಗಿ ಕರಗುತ್ತದೆ. ಆಮ್ಲ ತೀರುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ, ನಿಲ್ಲಿಸದಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ; ಅದಕ್ಕಾಗಿಯೇ ಗ್ಲುಕೋಸ್.

ಈ ಹೊತ್ತಿನಲ್ಲಿ ಮೂತ್ರದ ಕೀಟೋನ್ ನೋಡುವ ಪಟ್ಟಿಯೂ ದಾರಿ ತಪ್ಪಿಸುತ್ತದೆ. ಅದು ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ಗುರುತಿಸುವುದೇ ಇಲ್ಲ, ಇನ್ನೊಂದು ಕೀಟೋನ್ ಆದ ಅಸಿಟೋಅಸಿಟೇಟನ್ನಷ್ಟೇ ಗುರುತಿಸುತ್ತದೆ. ಚಿಕಿತ್ಸೆ ಫಲಿಸಿದಂತೆ ಮೊದಲನೆಯದು ಎರಡನೆಯದಾಗಿ ಬದಲಾಗುವುದರಿಂದ, ರೋಗಿ ಸುಧಾರಿಸುತ್ತಿದ್ದರೂ ಪಟ್ಟಿಯ ನೇರಳೆ ಬಣ್ಣ ಗಾಢವಾಗಬಹುದು. ರಕ್ತದ ಕೀಟೋನ್ ಅಳೆಯುವುದೇ ನಂಬಿಕೆಗೆ ಯೋಗ್ಯ.

ಮಕ್ಕಳಲ್ಲಿ ಇನ್ನೊಂದು ಆತಂಕವಿದೆ: ಚಿಕಿತ್ಸೆಯ ಮೊದಲ ಗಂಟೆಗಳಲ್ಲಿ ಮಿದುಳು ಊದಿಕೊಳ್ಳುವುದು. ಇದು ಅಪರೂಪ, ಆದರೆ ಮಾರಕವಾಗಬಹುದು. ರಾತ್ರಿಯಿಡೀ ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಹೆಸರು ಕೇಳುವುದು, ತಲೆನೋವಿದೆಯೇ ಎಂದು ವಿಚಾರಿಸುವುದು, ನಾಡಿ ನಿಧಾನವಾಯಿತೇ ಎಂದು ನೋಡುವುದು ಇದಕ್ಕಾಗಿಯೇ.

ಪಿಎಚ್ 7.3 ದಾಟಿ, ಕೀಟೋನ್ ಇಳಿದು, ಹುಡುಗಿ ಗಂಜಿ ಕುಡಿಯುವಂತಾದಾಗ ಚರ್ಮದಡಿಯ ಇನ್ಸುಲಿನ್ ಕೊಡುತ್ತಾರೆ. ರಕ್ತನಾಳದಲ್ಲಿ ಹನಿಯುತ್ತಿರುವ ಇನ್ಸುಲಿನ್‌ನ ಪ್ರಭಾವ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ, ಚರ್ಮದಡಿಯದು ಕೆಲಸಕ್ಕಿಳಿಯಲು ಹೊತ್ತು ಬೇಕು. ನಡುವಿನ ಆ ಅಂತರದಲ್ಲಿ ಉಗ್ರಾಣದ ಬೀಗ ಮತ್ತೆ ಕಳಚದಿರಲೆಂದು, ಹೊಸ ಇನ್ಸುಲಿನ್ ಬಿದ್ದ ಮೇಲೂ ಪಂಪನ್ನು ಇನ್ನಷ್ಟು ಹೊತ್ತು ಓಡಲು ಬಿಟ್ಟು, ಆಮೇಲೆಯೇ ನಿಲ್ಲಿಸುತ್ತಾರೆ.