ನೋಟಿಫಿಕೇಶನ್ ಚಾನೆಲ್: ಫೋನ್ ನೋಡದೆಯೇ ತುರ್ತು ಸಂದೇಶವನ್ನು ಗುರುತಿಸುವ ಬಗೆ

ಆಂಡ್ರಾಯ್ಡ್ ಫೋನಿಗೆ ಬರುವ ಪ್ರತಿ ಸೂಚನೆಯೂ ಯಾವುದಾದರೂ ಒಂದು ನೋಟಿಫಿಕೇಶನ್ ಚಾನೆಲ್‌ಗೆ ಸೇರಿರುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈ ಏರ್ಪಾಡು ಇದೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರಿಗೊಂದು ಖಾನೆಯಂತೆ ವಿಂಗಡಿಸುವ ಹಾಗೆ, ಆ್ಯಪ್ ತನ್ನ ಸೂಚನೆಗಳನ್ನು ವಿಂಗಡಿಸಿ ಫೋನಿಗೆ ಒಪ್ಪಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಒಬ್ಬೊಬ್ಬರ ಸಂದೇಶಗಳಿಗೆ ಒಂದು ಚಾನೆಲ್, ಗುಂಪುಗಳ ಸಂದೇಶಗಳಿಗೆ ಇನ್ನೊಂದು. ಪ್ರತಿ ಚಾನೆಲ್‌ಗೂ ತನ್ನದೇ ಸದ್ದು, ತನ್ನದೇ ಕಂಪನ, ತನ್ನದೇ ಮಹತ್ವದ ಮಟ್ಟ ಇರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದು Notification categories ಎಂಬ ಹೆಸರಿನಲ್ಲಿ ಕಾಣುತ್ತದೆ.

ಈ ಏರ್ಪಾಡಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ನಿಯಮವೊಂದಿದೆ. ಚಾನೆಲ್ ಒಮ್ಮೆ ಹುಟ್ಟಿದ ಮೇಲೆ ಅದರ ಸದ್ದನ್ನು ಬದಲಿಸುವ ಅಧಿಕಾರ ಆ್ಯಪ್‌ಗೆ ಇರುವುದಿಲ್ಲ, ಫೋನಿನ ಒಡೆಯನಿಗೆ ಇರುತ್ತದೆ. ನೀವು ಮೌನವಾಗಿಸಿದ ಚಾನೆಲ್‌ಗೆ ಆ್ಯಪ್ ತಾನಾಗಿ ಮತ್ತೆ ದನಿ ಕೊಡಲಾರದು. ಯಾವುದು ಕೂಗಬೇಕು, ಯಾವುದು ಸುಮ್ಮನಿರಬೇಕು ಎಂಬುದು ನಿಮ್ಮ ಕೈಯಲ್ಲಿದೆ.

ಇದರ ಬೆಲೆ ಹಾಸನ ಜಿಲ್ಲೆಯ ಕಾಫಿ ತೋಟಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದೊಳಗೇ ಓಡಾಡುತ್ತವೆ. ಹಿಂಡು ಯಾವ ಕಡೆ ಇದೆ, ಯಾವ ರಸ್ತೆ ದಾಟಿತು ಎಂಬ ಸುದ್ದಿ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಆದರೆ ಹಣ್ಣು ಕೊಯ್ಯುವ ಕಾಲದಲ್ಲಿ ಬೆಳೆಗಾರನ ಕೈ ಗಿಡದ ಮೇಲಿರುತ್ತದೆ, ಫೋನ್ ಜೇಬಿನಲ್ಲಿರುತ್ತದೆ. ಆನೆಯ ಸುದ್ದಿಗೂ ಕಾಫಿ ದರಕ್ಕೂ ನೆಂಟರ ಮನೆಯ ಗೃಹಪ್ರವೇಶದ ಫೋಟೊಗೂ ಒಂದೇ ‘ಟಿಂಗ್’ ಕೇಳಿಸಿದರೆ, ನಾಲ್ಕು ಸಲ ತೆಗೆದು ನೋಡಿದವನು ಐದನೆಯ ಸಲ ನೋಡುವುದಿಲ್ಲ. ತಪ್ಪಿಹೋಗುವ ಸಂದೇಶ ಆ ಐದನೆಯದೇ ಆಗಿರಬಹುದು.

ಸಕಲೇಶಪುರದ ಕಡೆ ತೋಟವಿರುವ ನನ್ನ ದೊಡ್ಡಪ್ಪನ ಫೋನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೊದಲು ಮಾಡಿದ್ದು ಸದ್ದು ಹಚ್ಚುವ ಕೆಲಸವಲ್ಲ, ತೆಗೆಯುವ ಕೆಲಸ. ಸೆಟ್ಟಿಂಗ್ಸ್‌ನಲ್ಲಿ Apps, ಅಲ್ಲಿ WhatsApp, ಅದರೊಳಗೆ Notifications ತೆರೆದು, ಗುಂಪುಗಳ ಚಾನೆಲ್ ಆದ Group notifications ಅನ್ನು Silent ಮಾಡಿದೆವು. ಸಂದೇಶಗಳು ಬರುತ್ತವೆ, ಸಾಲಾಗಿ ಕುಳಿತಿರುತ್ತವೆ, ಆದರೆ ಕೂಗುವುದಿಲ್ಲ. ವ್ಯಾಪಾರದ ಆ್ಯಪ್‌ಗಳಿಗೂ ಸುದ್ದಿಯ ಆ್ಯಪ್‌ಗಳಿಗೂ ಇದೇ ಉಪಚಾರ. ಕೆಲವು ಹೊಸ ಸ್ಯಾಮ್‌ಸಂಗ್ ಫೋನುಗಳಲ್ಲಿ ಈ ಚಾನೆಲ್‌ಗಳ ಪಟ್ಟಿಯೇ ಕಾಣುವುದಿಲ್ಲ. ಅಲ್ಲಿ Notifications ಒಳಗಿನ Advanced settings ತೆರೆದು Manage notification categories for each app ಎಂಬುದನ್ನು ಮೊದಲು ಆನ್ ಮಾಡಿಕೊಳ್ಳಬೇಕು.

ಆಮೇಲೆ ಮೂರೇ ಮೂರು ಸದ್ದು. ವಾಟ್ಸ್ಆ್ಯಪ್‌ನಲ್ಲಿ ಆನೆ ಸುದ್ದಿಯ ಗುಂಪನ್ನು ತೆರೆದು, ಮೇಲಿನ ಹೆಸರನ್ನು ಒತ್ತಿ, Notifications ಒಳಗೆ ಆ ಗುಂಪಿಗೆ ಪ್ರತ್ಯೇಕ ಸದ್ದನ್ನು ಆರಿಸಿದೆವು. ಹೀಗೆ ಮಾಡಿದಾಗ ಆ ಗುಂಪಿಗೆ ತನ್ನದೇ ಚಾನೆಲ್ ಸಿಗುತ್ತದೆ. ಉಳಿದ ಗುಂಪುಗಳು ಸುಮ್ಮನಿದ್ದರೂ ಇದು ಕೂಗುತ್ತದೆ. ಗುಂಪನ್ನು Mute ಮಾಡಿರಬಾರದು, ಅಷ್ಟೇ. ಎರಡನೆಯ ಸದ್ದು ತೋಟದ ಲೆಕ್ಕ ಬರೆಯುವ ರೈಟರಿಗೆ ಮತ್ತು ಮೇಸ್ತ್ರಿಗೆ, ಮೂರನೆಯದು ದೊಡ್ಡಮ್ಮನಿಗೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸದ್ದು ಇಡೋಣ ಎಂದು ದೊಡ್ಡಪ್ಪ ಕೇಳಿದರು. ನಾನು ಒಪ್ಪಲಿಲ್ಲ. ಸದ್ದುಗಳು ಹೆಚ್ಚಿದಂತೆ ಯಾವುದು ಯಾರದು ಎಂದು ಯೋಚಿಸಬೇಕಾಗುತ್ತದೆ, ಯೋಚಿಸಬೇಕಾದ ಸದ್ದಿಗಿಂತ ಜೇಬಿನಿಂದ ಫೋನ್ ತೆಗೆದು ನೋಡುವುದೇ ಸುಲಭ.

ಯಾವ ಸದ್ದನ್ನು ಆರಿಸಬೇಕು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಫೋನಿನೊಡನೆ ಬರುವ ಸದ್ದುಗಳು ಮನೆಯ ಮೌನದಲ್ಲಿ ಬೇರೆ ಬೇರೆಯಾಗಿ ಕೇಳಿಸಿದರೂ ಮಲೆನಾಡಿನ ಮಳೆಯಲ್ಲಿ ಎಲ್ಲವೂ ಒಂದೇ ಆಗುತ್ತವೆ. ಫೋನಿನ ಪುಟ್ಟ ಸ್ಪೀಕರ್ ತಗ್ಗು ಸ್ವರವನ್ನು ಸರಿಯಾಗಿ ಹೊರಡಿಸಲಾರದು. ಅತಿ ಎತ್ತರದ ಸ್ವರವನ್ನು ಜೇಬಿನ ಬಟ್ಟೆ ನುಂಗುತ್ತದೆ, ವಯಸ್ಸಾದ ಕಿವಿಗೆ ಅದು ಮೊದಲೇ ಕಡಿಮೆ ಕೇಳಿಸುತ್ತದೆ. ಆದ್ದರಿಂದ ನಡುವಿನ ಸ್ವರಗಳು ಒಳ್ಳೆಯವು, ಸುಮಾರು 1000ದಿಂದ 3000 ಹರ್ಟ್ಸ್ ಒಳಗಿನವು. ಅದಕ್ಕಿಂತಲೂ ಮುಖ್ಯವಾದದ್ದು ಲಯ. ಸ್ವರದ ವ್ಯತ್ಯಾಸ ಮಳೆಯಲ್ಲಿ ಮುಳುಗಿದರೂ ಎಷ್ಟು ಸಲ ಬಡಿಯಿತು, ಎಷ್ಟು ಬಿಡುವು ಕೊಟ್ಟು ಬಡಿಯಿತು ಎಂಬುದು ಉಳಿಯುತ್ತದೆ. ಹಾಗಾಗಿ ಆನೆಯ ಗುಂಪಿಗೆ ಎರಡು ಸ್ವರಗಳ ನಡುವೆ ಮತ್ತೆ ಮತ್ತೆ ಏರಿಳಿಯುವ ಮೂರು ಸೆಕೆಂಡಿನ ಕೂಗು. ರೈಟರಿಗೆ ಬಾಗಿಲು ತಟ್ಟಿದಂಥ ಎರಡು ಪೆಟ್ಟು. ದೊಡ್ಡಮ್ಮನಿಗೆ ಒಂದೇ ಸಲ ಬಾರಿಸುವ ಗಂಟೆ. ಬೇಕಾದ ಸದ್ದು ಪಟ್ಟಿಯಲ್ಲಿಲ್ಲದಿದ್ದರೆ ಆ ಫೈಲನ್ನು ಫೋನಿನ ಒಳಸಂಗ್ರಹದ Notifications ಎಂಬ ಫೋಲ್ಡರಿಗೆ ಹಾಕಿದರೆ ಪಟ್ಟಿಗೆ ಬರುತ್ತದೆ. ಮೆಮೊರಿ ಕಾರ್ಡಿನಲ್ಲಿ ಇಡಬೇಡಿ. ಕಾರ್ಡ್ ತೆಗೆದ ದಿನ ಆ ಸದ್ದೂ ಹೋಗುತ್ತದೆ.

ಪರೀಕ್ಷೆಯನ್ನೂ ತೋಟದಲ್ಲೇ ಮಾಡಬೇಕು. ಫೋನನ್ನು ಲಾಕ್ ಮಾಡಿ, ಜೇಬಿಗೆ ಹಾಕಿಕೊಂಡು, ಮನೆಯವರಿಂದ ಸಂದೇಶ ಕಳಿಸಲು ಹೇಳಿ. ಆ ಸಂಭಾಷಣೆಯೇ ತೆರೆದಿದ್ದರೆ ನೀವು ಇಟ್ಟ ಸದ್ದು ಬರುವುದಿಲ್ಲ. ಫೋನ್ ವೈಬ್ರೇಟ್‌ನಲ್ಲಿದ್ದರೆ ಯಾವ ಸದ್ದೂ ಇಲ್ಲ. ರಾತ್ರಿ Do Not Disturb ಹಾಕುವವರು ಆನೆಯ ಗುಂಪಿನ ಚಾನೆಲ್‌ನಲ್ಲಿ Override Do Not Disturb ಆನ್ ಮಾಡಿಡಬೇಕು.

ಇನ್ನೊಂದು ತೊಂದರೆ ಸದ್ದಿನದೆಂದು ಕಂಡರೂ ಸದ್ದಿನದಲ್ಲ. ನೆಟ್‌ವರ್ಕ್ ಚೆನ್ನಾಗಿಯೇ ಇದ್ದು, ನೀವು ವಾಟ್ಸ್ಆ್ಯಪ್ ತೆರೆದ ಕೂಡಲೇ ಒಂದು ಗಂಟೆಯ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದರೆ, ಬ್ಯಾಟರಿ ಉಳಿಸಲು ಫೋನ್ ಆ ಆ್ಯಪ್ಪನ್ನು ಮಲಗಿಸಿದೆ ಎಂದು ತಿಳಿಯಬೇಕು. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ Unrestricted ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಿಗ್ನಲ್ಲೇ ಇಲ್ಲದ ಹಳ್ಳದ ಬದಿಯಲ್ಲಿ ಮಾತ್ರ ಯಾವ ಸೆಟ್ಟಿಂಗೂ ನೆರವಿಗೆ ಬರುವುದಿಲ್ಲ. ಅಂಥ ಜಾಗಕ್ಕೆ ಇಳಿಯುವ ಮೊದಲು ಫೋನ್ ತೆಗೆದು ನೋಡಲೇಬೇಕು.

ಚಾನೆಲ್‌ನ ಮಿತಿ ಇರುವುದು ಬೇರೆ ಕಡೆ. ಸಂದೇಶ ಯಾವ ಗುಂಪಿನಿಂದ ಬಂತು ಎಂಬುದನ್ನು ಅದು ಹೇಳಬಲ್ಲದು, ಸಂದೇಶದಲ್ಲಿ ಏನಿದೆ ಎಂದು ಹೇಳಲಾರದು. ಆನೆಯ ಗುಂಪಿನಲ್ಲೇ ಯಾರಾದರೂ ಶುಭೋದಯದ ಚಿತ್ರ ಹಾಕಿದರೆ ಅದಕ್ಕೂ ಅದೇ ಏರಿಳಿಯುವ ಕೂಗು. ಹೀಗೆ ಕೆಲವು ದಿನ ನಡೆದರೆ ಕಿವಿ ಆ ಕೂಗನ್ನೂ ಕಡೆಗಣಿಸುತ್ತದೆ. ಇದಕ್ಕೆ ಮದ್ದು ಗುಂಪು ನಡೆಸುವವರ ಬಳಿ ಇದೆ: ವಾಟ್ಸ್ಆ್ಯಪ್ ಗುಂಪಿನ ಅನುಮತಿಗಳಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಮಾಡಬಹುದು. ಸುದ್ದಿಗೊಂದು ಗುಂಪು, ಚರ್ಚೆಗೊಂದು ಗುಂಪು ಇರಲಿ ಎಂದು ಊರಿನವರು ಕೇಳಿಕೊಳ್ಳಬೇಕು. ಆ್ಯಪ್‌ಗಳಲ್ಲೂ ಇದೇ ಕಥೆ. ಹಣ ಕಡಿತದ ಸೂಚನೆಯನ್ನೂ ಸಾಲದ ಜಾಹೀರಾತನ್ನೂ ಒಂದೇ ಚಾನೆಲ್‌ಗೆ ಸುರಿಯುವ ಆ್ಯಪ್‌ನಲ್ಲಿ ಅವೆರಡನ್ನು ಬೇರ್ಪಡಿಸಲು ನಮ್ಮಿಂದಾಗದು. ವಿಂಗಡಣೆ ಆ್ಯಪ್ ಬರೆದವರ ಕೆಲಸ.

ಐಫೋನಿನಲ್ಲಿ ಇಂಥ ಚಾನೆಲ್‌ಗಳ ಪಟ್ಟಿ ಇಲ್ಲ. ಅಲ್ಲಿ ಸದ್ದನ್ನು ಆಯಾ ಆ್ಯಪ್‌ನೊಳಗೇ ಆರಿಸಬೇಕು. ವಾಟ್ಸ್ಆ್ಯಪ್ ಅಲ್ಲಿಯೂ ಪ್ರತಿ ಸಂಭಾಷಣೆಗೆ ಬೇರೆ ಸದ್ದು ಇಡಲು ಬಿಡುತ್ತದೆ. ಎಸ್ಎಂಎಸ್‌ಗಾದರೆ ಸಂಪರ್ಕಪಟ್ಟಿಯಲ್ಲಿ ಆ ಹೆಸರನ್ನು ತೆರೆದು Text Tone ಬದಲಿಸಬೇಕು.

ಆ್ಯಪ್ಪನ್ನು ಅಳಿಸಿ ಮತ್ತೆ ಹಾಕಿದಾಗ ಅಥವಾ ಫೋನನ್ನೇ ಬದಲಿಸಿದಾಗ ಈ ಸದ್ದುಗಳು ಉಳಿದಿವೆ ಎಂದು ನಂಬಿ ಕೂರಬೇಡಿ. ಮೂರು ಸದ್ದುಗಳ ಫೈಲುಗಳನ್ನೂ ಯಾವುದು ಯಾರಿಗೆ ಎಂಬ ಟಿಪ್ಪಣಿಯನ್ನೂ ಮನೆಯ ಇನ್ನೊಬ್ಬರ ಫೋನಿನಲ್ಲಿ ಇಟ್ಟಿರಿ. ಹೊಸ ಫೋನ್ ಹಿಡಿದು ತೋಟಕ್ಕೆ ಇಳಿಯುವ ಮೊದಲು ಮತ್ತೆ ಹಾಕಿಕೊಳ್ಳಲು ಹತ್ತು ನಿಮಿಷ ಸಾಕು.