ಶುಕ್ರವಾರ ಗೆದ್ದ ಕ್ಯಾಪ್ಷನ್

"ಮೇಡಂ, ಬಿ ಗೆದ್ದಿದೆ, ಇನ್ಮೇಲೆ ಎಲ್ಲ ಪೋಸ್ಟ್‌ಗೂ ಅದೇ ಥರ ಬರೀರಿ." ಒಂದೇ ಸರಕಿಗೆ ಎ, ಬಿ ಎಂದು ಎರಡು ಕ್ಯಾಪ್ಷನ್ ಬರೆದು, ಯಾವುದು ಹೆಚ್ಚು ಕೆಲಸ ಮಾಡುತ್ತದೆಂದು ನೋಡಿದವರಿಂದ ಇಂಥ ಮೆಸೇಜ್ ನನಗೆ ವಾರಕ್ಕೊಂದಾದರೂ ಬರುತ್ತದೆ. ನನ್ನ ಮೊದಲ ಪ್ರಶ್ನೆ ಒಂದೇ: ಎ ಯಾವಾಗ ಹೋಗಿತ್ತು, ಬಿ ಯಾವಾಗ ಹೋಗಿತ್ತು?

ಈಚೆಗೆ ಹೀಗೆ ಕೇಳಿದವರು ಮೈಸೂರಿನಲ್ಲಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವ ಒಬ್ಬರು. ತುಂಬಾ ಶ್ರದ್ಧೆಯ ಹೆಂಗಸು. ಫೇಸ್‌ಬುಕ್ ಪೇಜ್‌ಗೆ ಎರಡು ಕ್ಯಾಪ್ಷನ್ ಶೆಡ್ಯೂಲ್ ಮಾಡಿದ್ದರು. ಎ ಒಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು, ಬಿ ನೇರವಾಗಿ ಬೆಲೆಯಿಂದ. ಯಾವುದರಿಂದ ಆರ್ಡರ್ ಬಂತೆಂದು ತಿಳಿಯಲು ಒಂದೊಂದಕ್ಕೂ ಬೇರೆ ವಾಟ್ಸಾಪ್ ಲಿಂಕ್ ಕೊಟ್ಟಿದ್ದರು:

```
https://wa.me/91XXXXXXXXXX?text=CP-A
https://wa.me/91XXXXXXXXXX?text=CP-B
```

ಲಿಂಕ್ ಒತ್ತಿದರೆ ಆ ಗುರುತು ಮೆಸೇಜ್‌ನಲ್ಲಿ ಮೊದಲೇ ಬರೆದಿರುತ್ತದೆ, ಕಳಿಸಿದರೆ ಸಾಕು. ಇದು ಒಳ್ಳೆಯ ಕ್ರಮ. ಲೈಕ್ ಎಣಿಸುವುದಕ್ಕಿಂತ ಎಷ್ಟೋ ಮೇಲು. (ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಅಲ್ಲಿ ಇದು ನಡೆಯದು.)

ಎಗೆ 9 ಮೆಸೇಜ್, ಬಿಗೆ 22. ಆದರೆ ಎ ಹೋಗಿದ್ದು ಮಂಗಳವಾರ ಬೆಳಿಗ್ಗೆ 11ಕ್ಕೆ, ಬಿ ಹೋಗಿದ್ದು ಶುಕ್ರವಾರ ರಾತ್ರಿ 8ಕ್ಕೆ. ಬೆಳಿಗ್ಗೆ ಜನ ಕೆಲಸದಲ್ಲಿರುತ್ತಾರೆ, ಶುಕ್ರವಾರ ರಾತ್ರಿ ಫೋನ್ ಹಿಡಿದು ಕೂತಿರುತ್ತಾರೆ. ಇಲ್ಲಿ ಕ್ಯಾಪ್ಷನ್ ಮತ್ತು ಸಮಯ ಎರಡೂ ಒಟ್ಟಿಗೆ ಬದಲಾಗಿವೆ. 13ರ ಅಂತರದಲ್ಲಿ ಯಾವುದರ ಪಾಲು ಎಷ್ಟು ಎಂದು ಹೇಳುವುದು ಹೇಗೆ? ಬರೀ ಎಣಿಕೆ ನೋಡಿದರೆ ಅದು ಕಾಣುವುದೇ ಇಲ್ಲ, ದೊಡ್ಡ ಸಂಖ್ಯೆಗೆ ಸುಮ್ನೆ ಪಟ್ಟ ಕಟ್ಟಿಬಿಡುತ್ತೇವೆ.

ಹಾಗಾಗಿ ಅದೇ ಎರಡು ಸಮಯ ಇಟ್ಟುಕೊಂಡು, ವಾರ ವಾರ ಅದಲುಬದಲು ಮಾಡಿದೆವು. ಎರಡನೇ ವಾರ ಬಿ ಮಂಗಳವಾರಕ್ಕೆ, ಎ ಶುಕ್ರವಾರಕ್ಕೆ. ಮೂರನೇ ವಾರ ಮತ್ತೆ ಮೊದಲಿನಂತೆ. ಹೀಗೆ ನಾಲ್ಕು ವಾರ. ಪ್ರತಿ ಪೋಸ್ಟ್ ಹೋದ ಸರಿಯಾಗಿ 48 ಗಂಟೆಗೆ ಎಣಿಕೆ. ಸೋಮವಾರ ಒಟ್ಟಿಗೆ ಕೂತು ಎಣಿಸಿದರೆ ಮಂಗಳವಾರದ ಪೋಸ್ಟ್‌ಗೆ ಜಾಸ್ತಿ ದಿನ ಸಿಕ್ಕಿರುತ್ತದೆ, ಅಲ್ವಾ?

ಎಗೆ ಬಂದದ್ದು ಕ್ರಮವಾಗಿ 9, 21, 10, 21. ಬಿಗೆ 22, 8, 19, 9. ಒಟ್ಟು 61 ಮತ್ತು 58. ತಲುಪಿದ ಜನರ ಸಂಖ್ಯೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಇತ್ತು. ಅದು ತೀರಾ ಬೇರೆಯಿದ್ದರೆ ನೂರು ಜನಕ್ಕೆ ಎಷ್ಟು ಮೆಸೇಜ್ ಎಂದು ಲೆಕ್ಕ ಹಾಕಬೇಕು.

3ರ ಅಂತರ ದೊಡ್ಡದೇ? ನಾನು ಬಳಸುವ ಅಂದಾಜು ಹೀಗಿದೆ. ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. 119ರ ವರ್ಗಮೂಲ ಸುಮಾರು 11, ಅಂದರೆ 22. ಅಂತರ ಅದಕ್ಕಿಂತ ಕಡಿಮೆಯಿದ್ದರೆ ಅದು ಬರೀ ಆಕಸ್ಮಿಕ ಇರಬಹುದು. ಆದರೆ ಮೊದಲ ವಾರದ 9 ಮತ್ತು 22 ಈ ಪರೀಕ್ಷೆಯನ್ನೂ ದಾಟಿದ್ದವು: 31ರ ವರ್ಗಮೂಲದ ಎರಡರಷ್ಟು ಸುಮಾರು 11, ಅಂತರ 13. ಅಂತರ ನಿಜವಾಗಿಯೇ ಇತ್ತು, ಕಾರಣ ಬೇರೆಯಿತ್ತು. ಯಾವ ಲೆಕ್ಕವೂ ಅದನ್ನು ಹಿಡಿಯುವುದಿಲ್ಲ, ಅದಲುಬದಲು ಮಾತ್ರ ಹಿಡಿಯುತ್ತದೆ.

ನಾಲ್ಕು ವಾರದೊಳಗೆ ಹಬ್ಬ ಬಂದರೆ, ಯಾರೋ ದೊಡ್ಡ ಪೇಜ್‌ನವರು ಒಂದು ಪೋಸ್ಟ್ ಹಂಚಿಬಿಟ್ಟರೆ, ಆ ವಾರದ ಜೋಡಿಯನ್ನೇ ನಾನು ಬಿಟ್ಟುಬಿಡುತ್ತೇನೆ.

ಚಟ್ನಿಪುಡಿಯವರು ಈಗ ವಾರದ ಎರಡೂ ಪೋಸ್ಟನ್ನು ರಾತ್ರಿ 8ಕ್ಕೇ ಹಾಕುತ್ತಾರೆ. ಕ್ಯಾಪ್ಷನ್ ಪ್ರಶ್ನೆಯಿಂದ ಶುರುವಾಗುತ್ತದೆ, ಅವರಿಗೆ ಅದೇ ಇಷ್ಟ.