ಮಿಕ್ಸ್‌ನಲ್ಲಿ ಲಾಭ, ಯೀಲ್ಡ್‌ನಲ್ಲಿ ನಷ್ಟ: ಒಂದೇ ಬ್ಯಾಚಿನ ಎರಡು ಲೆಕ್ಕ

ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಸತು ಮತ್ತು ಮ್ಯಾಗ್ನೀಸಿಯಂ ಬೆರೆಸಿದ ಪೋಷಕಾಂಶದ ಪುಡಿ ಬೇಕು. ಅದನ್ನು ಬೆರೆಸುವ ಕಡೆ ತಿಂಗಳ ಕೊನೆಗೆ ಒಂದು ತಕರಾರು ಏಳುತ್ತದೆ. ಖರೀದಿಯವರ ಲೆಕ್ಕದಲ್ಲಿ ಉಳಿತಾಯ, ಮಿಕ್ಸಿಂಗ್‌ನವರ ಲೆಕ್ಕದಲ್ಲಿ ನಷ್ಟ. ಬ್ಯಾಚ್ ಮಾತ್ರ ಒಂದೇ! ಬೆರೆಸುವ ಪ್ರಮಾಣ ಬದಲಾದಾಗ ವೆಚ್ಚದಲ್ಲಿ ಬರುವ ವ್ಯತ್ಯಾಸ ಮಿಕ್ಸ್ ವೇರಿಯನ್ಸ್, ಸಿಗಬೇಕಾದ ಮಾಲು ಹೆಚ್ಚುಕಡಿಮೆಯಾದಾಗ ಬರುವುದು ಯೀಲ್ಡ್ ವೇರಿಯನ್ಸ್.

ಈ ಲೆಕ್ಕದ ಬೇರು ಹಳೆಯದು. ಮೊದಲೇ ಒಂದು ಪ್ರಮಾಣ ನಿಗದಿ ಮಾಡಿ, ಆಮೇಲೆ ವ್ಯತ್ಯಾಸ ಅಳೆಯುವ ಪದ್ಧತಿಗೆ 1918ರ ಸುಮಾರಿಗೆ ವೆಚ್ಚ ಲೆಕ್ಕದ ತಜ್ಞ ಚಾರ್ಟರ್ ಹ್ಯಾರಿಸನ್ ಒಂದು ರೂಪ ಕೊಟ್ಟರು. ನಮ್ಮಲ್ಲಿ 1944ರಲ್ಲಿ ವೆಚ್ಚ ಲೆಕ್ಕಿಗರ ಸಂಸ್ಥೆ, 1959ರಲ್ಲಿ ಅದಕ್ಕೊಂದು ಕಾಯ್ದೆ, 1965ರಲ್ಲಿ ವೆಚ್ಚ ಲೆಕ್ಕ ಪರಿಶೋಧನೆ ಬಂದವು. ಆಮೇಲೆ ಪ್ರತಿ ಬ್ಯಾಚಿಗೆ ಹಾಕಿದ್ದು, ಬಂದದ್ದು ಬರೆದಿಡುವ ಬ್ಯಾಚ್ ಕಾರ್ಡ್ ಕಂಪ್ಯೂಟರಿಗೆ ಏರಿತು. ಗೊಂದಲ ಜಾಸ್ತಿಯಾಗಿದ್ದು ಈ ಹಂತದಲ್ಲೇ. ಮಿಕ್ಸ್, ಯೀಲ್ಡ್ ಎಂಬ ಈ ಎರಡು ವ್ಯತ್ಯಾಸಗಳು ಎರಡು ಬೇರೆ ವರದಿಗಳಲ್ಲಿ ಬರತೊಡಗಿದವು, ಒಟ್ಟಿಗೆ ಓದುವವರು ಕಡಿಮೆಯಾದರು.

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ಹಾಕಿಕೊಂಡವು. ಮೊದಲೇ ನಿಗದಿ ಮಾಡಿದ ಸ್ಟ್ಯಾಂಡರ್ಡ್ ಪ್ರಕಾರ 100 ಕೆಜಿಗೆ ಸತುವಿನ ಸಲ್ಫೇಟ್ 40 ಕೆಜಿ, ಕೆಜಿಗೆ 60 ರೂಪಾಯಿ. ಮ್ಯಾಗ್ನೀಸಿಯಂ ಸಲ್ಫೇಟ್ 60 ಕೆಜಿ, ಕೆಜಿಗೆ 20 ರೂಪಾಯಿ. ಧೂಳು, ತೇವ, ಜರಡಿಯ ಗಂಟು ಎಲ್ಲ ಕಳೆದು ಸಿಗಬೇಕಾದ ಮಾಲು 90 ಕೆಜಿ. ಅಲ್ಲಿಗೆ ಮಾಲಿಗೆ ಕೆಜಿಗೆ 40 ರೂಪಾಯಿ ಬೀಳುತ್ತದೆ.

ಸತು ಸಾಲದೆ ಬಂದಾಗ 1000 ಕೆಜಿಯ ಬ್ಯಾಚಿಗೆ ಸತು 350, ಮ್ಯಾಗ್ನೀಸಿಯಂ 650 ಹಾಕಿದರು ಎನ್ನಿ. ಸತುವಿನಲ್ಲಿ 50 ಕೆಜಿ ಕಡಿಮೆ, ಅಂದರೆ 3000 ರೂಪಾಯಿ ಉಳಿಕೆ. ಮ್ಯಾಗ್ನೀಸಿಯಂ 50 ಕೆಜಿ ಜಾಸ್ತಿ, 1000 ಖರ್ಚು. ಮಿಕ್ಸ್ ವೇರಿಯನ್ಸ್ 2000 ರೂಪಾಯಿ ಅನುಕೂಲ. ಮಾಲು ಬಂದಿದ್ದು 900ರ ಬದಲು 880 ಕೆಜಿ. 20 ಕೆಜಿಗೆ 40ರಂತೆ ಯೀಲ್ಡ್ ವೇರಿಯನ್ಸ್ 800 ರೂಪಾಯಿ ಪ್ರತಿಕೂಲ. ಎರಡೂ ಸೇರಿ 1200 ಅನುಕೂಲ. ಇಲ್ಲೆಲ್ಲ ಸ್ಟ್ಯಾಂಡರ್ಡ್ ಬೆಲೆಯನ್ನೇ ಹಿಡಿಯಬೇಕು. ಕೊಂಡ ಬೆಲೆಯ ಏರಿಳಿತದ ಲೆಕ್ಕ ಬೇರೆ.

ಈಗ ಹೇಳಿ, ಆ 800 ಮಿಕ್ಸಿಂಗ್‌ನವರ ತಪ್ಪೇ? ಹೆಚ್ಚುವರಿ ಮ್ಯಾಗ್ನೀಸಿಯಂ ಸಲ್ಫೇಟ್ ತೇವ ಹಿಡಿದು ಗಂಟು ಕಟ್ಟಿ ಜರಡಿಯಲ್ಲೇ ಉಳಿದಿದ್ದರೆ, ಕಾರಣ ಬೆರೆಸುವ ಪ್ರಮಾಣದಲ್ಲೇ ಇದೆ. ಜರಡಿ ಮೇಲಿನ ಗಂಟನ್ನು ತೂಗಿ ಬ್ಯಾಚ್ ಕಾರ್ಡಿಗೆ ಬರೆದಿಟ್ಟರೆ ಇದು ಗೊತ್ತಾಗುತ್ತದೆ.

ಇನ್ನೂ ದೊಡ್ಡ ವಿಷಯ ಆ 2000ದ ಉಳಿತಾಯ. ಈ ಸತುವಿನ ಸಲ್ಫೇಟ್‌ನಲ್ಲಿ ಸತು 21% ಇದೆ ಎಂದುಕೊಂಡರೆ, ಒಳಹೋಗುವ ಮಿಶ್ರಣದಲ್ಲಿ ಅದು 8.4%ರಿಂದ 7.35%ಕ್ಕೆ ಇಳಿದಿದೆ. ಚೀಲದ ಮೇಲೆ ಬರೆದಷ್ಟು ಪೋಷಕಾಂಶ ಒಳಗಿರಬೇಕು ಎನ್ನುವುದು 1985ರ ಗೊಬ್ಬರ ನಿಯಂತ್ರಣ ಆದೇಶ. ಲ್ಯಾಬ್ ಚೀಟಿಯಲ್ಲಿ ಸತು ಕಡಿಮೆ ಬಂದರೆ ಅದು ಉಳಿತಾಯವಲ್ಲ, ರೈತನ ಪಾಲಿನ ಸತುವೇ ಹೋದಂತೆ. ಲ್ಯಾಬ್ ಚೀಟಿ ಬರುವವರೆಗೆ ಮಿಕ್ಸ್ ವೇರಿಯನ್ಸನ್ನು ಲಾಭ ಎಂದು ಬರೆಯಬಾರದು. ಪ್ರಮಾಣವನ್ನು ಬೇಕೆಂದೇ ಬದಲಿಸಿದ್ದು, ಲ್ಯಾಬ್ ಕೂಡ ಅದನ್ನು ಒಪ್ಪಿದ್ದರೆ, ಸ್ಟ್ಯಾಂಡರ್ಡನ್ನೇ ತಿದ್ದಬೇಕು. ಇಲ್ಲದಿದ್ದರೆ ಪ್ರತಿ ತಿಂಗಳೂ ಅದೇ 2000 ಅನುಕೂಲ ಎಂದು ಸುಮ್ನೆ ಬರುತ್ತಲೇ ಇರುತ್ತದೆ.